1.8 ಎಂಬ ಅಂಕಿಗೆ ಎಷ್ಟು ತೂಕ?

ಎಲೆ ಅರೆದು ಡಿಎನ್‌ಎ ತೆಗೆದವರು ಕೊನೆಗೆ ಬಂದು ನಿಲ್ಲುವುದು ಸ್ಪೆಕ್ಟ್ರೋಫೋಟೋಮೀಟರಿನ ಮುಂದೆ. ಒಂದೆರಡು ಮೈಕ್ರೋಲೀಟರ್ ಹನಿ ಇಟ್ಟರೆ ಸಾಕು, ಪರದೆಯ ಮೇಲೆ ಮೂರು ಅಂಕಿಗಳು ಮೂಡುತ್ತವೆ: ಸಾಂದ್ರತೆ, 260/280 ಮತ್ತು 260/230. ನಡುವಿನದು 1.8ರ ಆಸುಪಾಸಿನಲ್ಲಿದ್ದರೆ ‘ಶುದ್ಧ’ ಎಂದು ಬರೆದುಕೊಂಡು ಮುಂದಿನ ಕೆಲಸಕ್ಕೆ ಹೋಗುತ್ತೇವೆ. ನಾನೂ ಹಲವು ವರ್ಷ ಹಾಗೆಯೇ ಮಾಡಿದ್ದೇನೆ, ವಿದ್ಯಾರ್ಥಿಗಳಿಗೂ ಹಾಗೆಯೇ ಹೇಳಿಕೊಟ್ಟಿದ್ದೇನೆ. ಆ ಅಂಕಿಗೆ ಅದರ ಯೋಗ್ಯತೆಗಿಂತ ಹೆಚ್ಚಿನ ಅಧಿಕಾರ ಕೊಟ್ಟಿದ್ದೇವೆ ಎಂದು ಈಗ ನನಗೆ ಖಚಿತವಾಗಿದೆ.

ಲೆಕ್ಕದ ತಳಹದಿ ಸರಳ. ಡಿಎನ್‌ಎ, ಆರ್‌ಎನ್‌ಎಗಳ ಬೇಸುಗಳು 260 ನ್ಯಾನೋಮೀಟರ್ ಸುಮಾರಿನ ನೇರಳಾತೀತ ಬೆಳಕನ್ನು ಹೆಚ್ಚು ಹೀರುತ್ತವೆ. ಪ್ರೋಟೀನಿನ ಟ್ರಿಪ್ಟೊಫಾನ್, ಟೈರೋಸಿನ್‌ಗಳು 280ರ ಬಳಿ ಹೀರುತ್ತವೆ. ಶುದ್ಧ ಡಿಎನ್‌ಎಯಲ್ಲಿ ಈ ಎರಡರ ಅನುಪಾತ ಸುಮಾರು 1.8, ಆರ್‌ಎನ್‌ಎಯಲ್ಲಿ ಸುಮಾರು 2.0. ಅಂಕಿ ಇಳಿದರೆ ಪ್ರೋಟೀನ್ ಉಳಿದಿದೆ ಎಂಬುದು ನಮ್ಮ ಓದು.

ಆದರೆ ಈ ಅಳತೆ ಹುಟ್ಟಿದ್ದು ಇದರ ತಿರುವುಮುರುವಾದ ಕೆಲಸಕ್ಕೆ. 1942ರಲ್ಲಿ ವಾರ್ಬುರ್ಗ್ ಮತ್ತು ಕ್ರಿಶ್ಚಿಯನ್ ಶುದ್ಧೀಕರಿಸುತ್ತಿದ್ದದ್ದು ಕಿಣ್ವವನ್ನು, ಅಂದರೆ ಪ್ರೋಟೀನನ್ನು. ಅದರಲ್ಲಿ ನ್ಯೂಕ್ಲಿಯಿಕ್ ಆಮ್ಲ ಬೆರೆತಿದೆಯೇ ಎಂದು ನೋಡಲು ಈ ಅಲೆಯುದ್ದಗಳನ್ನು ಬಳಸಿದರು. ಆ ದಿಕ್ಕಿನಲ್ಲಿ ಇದು ಬಹಳ ಸೂಕ್ಷ್ಮ. ಪ್ರೋಟೀನಿನಲ್ಲಿ ತೂಕದಲ್ಲಿ ಶೇ. 5ರಷ್ಟು ನ್ಯೂಕ್ಲಿಯಿಕ್ ಆಮ್ಲ ಸೇರಿದರೂ ಅನುಪಾತ 0.57ರಿಂದ ಒಂದರ ಆಚೆಗೆ ಜಿಗಿಯುತ್ತದೆ. ಹಾಲಿಗೆ ಬಿದ್ದ ಚಿಟಿಕೆ ಅರಿಶಿನ ಕೂಡಲೇ ಕಣ್ಣಿಗೆ ಬೀಳುವ ಹಾಗೆ. ಅರಿಶಿನಕ್ಕೇ ನಾಲ್ಕು ಹನಿ ಹಾಲು ಬಿದ್ದರೆ ಬಣ್ಣ ನೋಡಿ ಹೇಳಲಾದೀತೇ? ನಾವು ಕೇಳುತ್ತಿರುವುದು ಈ ಎರಡನೆಯ ಪ್ರಶ್ನೆಯನ್ನು.

ಅಂಕಿ ಹಾಕಿಯೇ ನೋಡೋಣ. ಮಿಲಿಲೀಟರಿಗೆ 50 ಮೈಕ್ರೋಗ್ರಾಂ ಡಿಎನ್‌ಎ ಇದ್ದರೆ ಒಂದು ಸೆಂಟಿಮೀಟರ್ ದಾರಿಯಲ್ಲಿ 260ರ ಹೀರಿಕೆ 1.0, 280ರದು ಸುಮಾರು 0.54, ಅನುಪಾತ 1.85. ಅದಕ್ಕೆ ಅಷ್ಟೇ ತೂಕದ ಪ್ರೋಟೀನ್ ಬೆರೆಸಿದರೆ 280ರಲ್ಲಿ ಹೆಚ್ಚುವುದು ಹೆಚ್ಚುಕಡಿಮೆ 0.05, 260ರಲ್ಲಿ 0.03. ಹೊಸ ಅನುಪಾತ 1.75. ಅರ್ಧಕ್ಕರ್ಧ ಪ್ರೋಟೀನ್ ಇದ್ದರೂ ‘ಪರವಾಗಿಲ್ಲ’ ಎನ್ನಿಸುವ ಅಂಕಿ ಇದು.

ಇಳುವರಿಯ ವಿಷಯದಲ್ಲಿ ಮೋಸ ಇನ್ನೂ ದೊಡ್ಡದು. ಒಮ್ಮೆ ಸಿಟಿಎಬಿ ವಿಧಾನದಲ್ಲಿ ಎಲೆಯಿಂದ ತೆಗೆದ ಮಾದರಿಯೊಂದು ಮೈಕ್ರೋಲೀಟರಿಗೆ 420 ನ್ಯಾನೋಗ್ರಾಂ ತೋರಿಸಿತು, 260/280 ಆಗ 2.05. ಅಂಕಿ 1.8 ದಾಟಿದೆಯೆಂದು ವಿದ್ಯಾರ್ಥಿನಿ ಖುಷಿಪಟ್ಟಳು. ಜೆಲ್‌ನಲ್ಲಿ ಓಡಿಸಿದಾಗ ಮೇಲೆ ಡಿಎನ್‌ಎಯ ಸಣ್ಣ ಪಟ್ಟಿ, ಕೆಳಗೆ ಹೊಗೆಯಂತೆ ದಟ್ಟವಾಗಿ ಆರ್‌ಎನ್‌ಎ. ಆರ್‌ಎನ್‌ಏಸ್ ಹಾಕಿ ಮತ್ತೆ ಅಳೆದರೆ ಅಂಕಿ ಇಳಿಯಲಿಲ್ಲ. ಇಳಿಯುವುದೂ ಇಲ್ಲ: ಕಿಣ್ವ ಆರ್‌ಎನ್‌ಎಯನ್ನು ಕತ್ತರಿಸುತ್ತದೆಯೇ ಹೊರತು ಮಾಯ ಮಾಡುವುದಿಲ್ಲ, ತುಂಡುಗಳೂ 260ರಲ್ಲಿ ಹೀರುತ್ತಲೇ ಇರುತ್ತವೆ. ಎಥನಾಲಿನಲ್ಲಿ ಡಿಎನ್‌ಎಯನ್ನು ಮತ್ತೆ ಇಳಿಸಿ, ತುಂಡುಗಳನ್ನು ತೊಳೆದು ಕಳೆದು, ಮೊದಲಿನಷ್ಟೇ ಬಫರಿನಲ್ಲಿ ಕರಗಿಸಿದ ಮೇಲೆ ಬಂದದ್ದು 78. ಎರಡೆಳೆಯ ಡಿಎನ್‌ಎಗೆ ಮಾತ್ರ ಅಂಟಿ ಹೊಳೆಯುವ ಬಣ್ಣದಿಂದ ಅಳೆದಾಗ 70. ತೊಳೆಯುವಾಗ ಒಂದಿಷ್ಟು ಹೋಗಿರಬಹುದು. ಆದರೂ 420ರಲ್ಲಿ ಬಹುಪಾಲು ಡಿಎನ್‌ಎ ಆಗಿರಲೇ ಇಲ್ಲ.

ಕರಗಿಸಿದ ದ್ರವವೂ ಅಂಕಿಯನ್ನು ಕದಲಿಸುತ್ತದೆ. ತುಸು ಆಮ್ಲೀಯವಾದ ನೀರಿನಲ್ಲಿ ಅಳೆದ ಆರ್‌ಎನ್‌ಎಯ ಅನುಪಾತ, ಪಿಎಚ್ 8ರ ಬಫರಿನಲ್ಲಿ ಅಳೆದದ್ದಕ್ಕಿಂತ 0.2–0.3ರಷ್ಟು ಕೆಳಗೆ ಬರಬಹುದು. ಮಾದರಿ ಕೆಟ್ಟಿರುವುದಿಲ್ಲ, ನೀರು ಬೇರೆ ಅಷ್ಟೆ. ಬ್ಲಾಂಕ್ ಇಡುವಾಗ ಡಿಎನ್‌ಎ ಕರಗಿರುವ ಅದೇ ಬಫರನ್ನೇ ಇಡಬೇಕು ಎಂಬುದೂ ಇದೇ ಕಾರಣಕ್ಕೆ. 260/230 ಸಾಮಾನ್ಯವಾಗಿ 2.0ರಿಂದ 2.2 ಇರಬೇಕು ಎನ್ನುತ್ತಾರೆ. ಕಾಲಮ್ಮಿನಿಂದ ಬಂದ ಚೂರು ಗ್ವಾನಿಡೀನ್ ಥಯೋಸಯನೇಟ್ ಕೂಡ ಅದನ್ನು ಒಂದಕ್ಕಿಂತ ಕೆಳಗಿಳಿಸಬಲ್ಲದು. ಅಂಥ ಮಾದರಿಯಲ್ಲಿ ಪಿಸಿಆರ್ ಎಷ್ಟೋ ಸಲ ಸರಾಗವಾಗಿ ನಡೆಯುತ್ತದೆ.

ಹಾಗಾದರೆ ಈ ಯಂತ್ರವನ್ನು ಬದಿಗಿಡಬೇಕೇ? ಖಂಡಿತ ಬೇಡ. ಅನುಪಾತಕ್ಕಿಂತ ಹೆಚ್ಚು ಹೇಳುವುದು ಅದೇ ಪರದೆಯ ಮೇಲಿರುವ ಗೆರೆ. ಒಳ್ಳೆಯ ಮಾದರಿಯ ಗೆರೆ 230ರ ಬಳಿ ತಗ್ಗಾಗಿ, 260ರಲ್ಲಿ ಗುಡ್ಡವಾಗಿ ಏರಿ, 320ರ ಹೊತ್ತಿಗೆ ನೆಲ ಮುಟ್ಟುತ್ತದೆ. ಗುಡ್ಡದ ತುದಿ 270ರ ಕಡೆಗೆ ಸರಿದಿದ್ದರೆ ಫೀನಾಲ್ ಉಳಿದಿದೆ ಎಂದು ಸಂಶಯಪಡಬೇಕು. 320ರಲ್ಲೂ ಗೆರೆ ಇಳಿಯದಿದ್ದರೆ ದ್ರವ ಕದಡಿದೆ, ಇಲ್ಲವೇ ಗುಳ್ಳೆಯಿದೆ. ಸಾಂದ್ರತೆ ಮೈಕ್ರೋಲೀಟರಿಗೆ 10 ನ್ಯಾನೋಗ್ರಾಂಗಿಂತ ಕಡಿಮೆಯಿದ್ದರೆ ಅನುಪಾತವನ್ನು ನಂಬಿ ಯಾವ ತೀರ್ಮಾನಕ್ಕೂ ಬರಬಾರದು.

ಅನುಪಾತ ಸಂಶಯ ಹುಟ್ಟಿಸಬಲ್ಲದು. ಸಂಶಯ ಪರಿಹರಿಸುವ ಶಕ್ತಿ ಅದಕ್ಕಿಲ್ಲ. 1.5 ಬಂದರೆ ನಿಂತು ವಿಚಾರಿಸಿ. 1.8 ಬಂದರೂ ಜೆಲ್ ಓಡಿಸಿ. ನೋಟ್‌ಬುಕ್ಕಿನಲ್ಲಿ ‘ಶುದ್ಧ’ ಎಂಬ ಪದದ ಜಾಗದಲ್ಲಿ ಗೆರೆಯ ಚಿತ್ರವನ್ನು ಅಂಟಿಸಿ, ಪಕ್ಕದಲ್ಲಿ ಬ್ಲಾಂಕಿಗೆ ಏನು ಇಟ್ಟಿರಿ ಎಂದು ಬರೆಯಿರಿ ಎಂದು ಈಗ ವಿದ್ಯಾರ್ಥಿಗಳಿಗೆ ಹೇಳುತ್ತೇನೆ.