ಬಾಯಿ ಮೊದಲು, ಮೈಯಳತೆ ಆಮೇಲೆ

ಕೃಷಿಹೊಂಡದಲ್ಲಿ ಬಲೆ ಎಳೆದ ದಿನ ಮೀನನ್ನು ಅಂಗೈ ಮೇಲೆ ಅಡ್ಡ ಮಲಗಿಸಿ ಫೋಟೊ ತೆಗೆದು, ‘ಇದು ಕಾಟ್ಲಾನೋ, ರೋಹುನೋ, ಮೃಗಾಲೋ?’ ಎಂದು ತಿಳಿದವರಿಗೆ ಕಳಿಸುವ ರೂಢಿ ಈಗ ಎಲ್ಲೆಡೆ ಇದೆ. ಉತ್ತರ ಹೇಳುವವರು ಸಾಮಾನ್ಯವಾಗಿ ಎರಡು ಗುರುತುಗಳನ್ನು ನೆಚ್ಚುತ್ತಾರೆ: ಬಾಯಿ ಎತ್ತ ತಿರುಗಿದೆ, ಮೈ ಎಷ್ಟು ಅಗಲವಾಗಿದೆ. ಕಾಟ್ಲಾ ಮೇಲ್ಬಾಯಿಯ ಅಗಲ ಮೀನು, ರೋಹು ನಡುವಿನದು, ಮೃಗಾಲ್ ಕೆಳಬಾಯಿಯ ನೀಳ ಮೀನು ಎಂಬುದು ಸೂತ್ರ. ಸೂತ್ರದಲ್ಲಿ ತಪ್ಪಿಲ್ಲ. ಆದರೆ ಎರಡೂ ಗುರುತುಗಳಿಗೆ ಒಂದೇ ತೂಕ ಕೊಡುವುದನ್ನು ನಾನು ಒಪ್ಪಲಾರೆ. ಫೋಟೊದಲ್ಲಿ ಬಾಯಿ ಹೇಳಿದ್ದನ್ನು ನಂಬಬಹುದು. ಮೈಯಗಲ ಹೇಳಿದ್ದನ್ನು ಬೇರೆ ಗುರುತಿನ ಬೆಂಬಲವಿಲ್ಲದೆ ನಂಬಬಾರದು.

ಬಾಯಿ ನಂಬಿಕೆಗೆ ಅರ್ಹವಾಗಿರುವುದು ಅದು ಮೀನಿನ ಊಟದ ಜಾಗಕ್ಕೆ ಹೊಂದಿಕೊಂಡಿರುವುದರಿಂದ. ಕಾಟ್ಲಾ ನೀರಿನ ಮೇಲ್ಪದರದಲ್ಲಿ ತೇಲುವ ಸೂಕ್ಷ್ಮ ಜೀವಿಗಳನ್ನು ಸೋಸಿ ತಿನ್ನುತ್ತದೆ. ಹಾಗಾಗಿ ಅದರ ಕೆಳದವಡೆ ಮುಂದೆ ಚಾಚಿ ಮೇಲಕ್ಕೆ ತಿರುಗಿದೆ, ಮೀಸೆಯಿಲ್ಲ. ಬಡಕಲಾದರೂ ಕೊಬ್ಬಿದರೂ ಈ ದವಡೆ ಬದಲಾಗುವುದಿಲ್ಲ. ಬಾಯಿ ಮುಚ್ಚಿದ ಮೀನಿನ ಪಕ್ಕದ ಫೋಟೊ ಒಂದಿದ್ದರೆ, ಮೂರರಲ್ಲಿ ಕಾಟ್ಲಾವನ್ನು ಬೇರೆ ಮಾಡಲು ಅಷ್ಟು ಸಾಕು.

ತೊಡಕಿರುವುದು ಉಳಿದ ಎರಡರಲ್ಲಿ. ರೋಹು ನಡುನೀರಿನಲ್ಲಿ ಮೇಯುವ ಮೀನು, ಮೃಗಾಲ್ ತಳದ ಕೆಸರಿನಲ್ಲಿ. ಆದರೂ ಪಕ್ಕದಿಂದ ನೋಡಿದರೆ ಎರಡರ ಬಾಯಿಯೂ ಮೂತಿಯ ಕೆಳಗೇ ಕಾಣುತ್ತದೆ. ಇಲ್ಲಿ ಬಾಯಿಯ ದಿಕ್ಕು ಸಾಲದು, ತುಟಿಯನ್ನೇ ನೋಡಬೇಕು. ರೋಹುವಿನ ತುಟಿ ದಪ್ಪ, ಅಂಚಿನಲ್ಲಿ ಸಣ್ಣ ಕುಚ್ಚಿನಂಥ ಜಾಲರಿ. ಮೃಗಾಲ್‌ನ ಬಾಯಿ ಅಡ್ಡಕ್ಕೆ ಸೀಳಿದ ಅಗಲ ಗೆರೆ. ಮೇಲ್ತುಟಿಗೆ ಜಾಲರಿಯಿಲ್ಲ, ಕೆಳತುಟಿಯಂತೂ ಇದೆಯೋ ಇಲ್ಲವೋ ಎನ್ನುವಷ್ಟು ತೆಳು. ಇದಾವುದೂ ಪಕ್ಕದ ಫೋಟೊದಲ್ಲಿ ಸಿಗುವುದಿಲ್ಲ. ಮೂತಿಯನ್ನು ಎದುರಿನಿಂದ, ಸ್ವಲ್ಪ ಕೆಳಗಿನಿಂದ ತೆಗೆದ ಇನ್ನೊಂದು ಫೋಟೊ ಬೇಕೇ ಬೇಕು.

ಮೈಯಗಲದ ಲೆಕ್ಕ ಹೀಗೆ: ಮೂತಿಯ ತುದಿಯಿಂದ ಬಾಲದ ಬುಡದವರೆಗಿನ ಉದ್ದವನ್ನು, ಬೆನ್ನಿನಿಂದ ಹೊಟ್ಟೆಯವರೆಗಿನ ಅತಿ ಹೆಚ್ಚಿನ ಅಳತೆಯಿಂದ ಭಾಗಿಸುವುದು. ಚೆನ್ನಾಗಿ ಬೆಳೆದ ಕಾಟ್ಲಾದಲ್ಲಿ ಉತ್ತರ ಮೂರರೊಳಗೆ ಬರುತ್ತದೆ, ಮೃಗಾಲ್‌ನಲ್ಲಿ ನಾಲ್ಕರ ಆಸುಪಾಸು. ರೋಹು ನಡುವೆ ಎಲ್ಲೋ ನಿಂತು, ಕೆಲವೊಮ್ಮೆ ಮೃಗಾಲ್‌ನ ಗಡಿಯನ್ನೂ ಮುಟ್ಟುತ್ತದೆ. ಬಾಲದ ರೆಕ್ಕೆಯನ್ನು ಉದ್ದಕ್ಕೆ ಸೇರಿಸಿದರೆ ಎಲ್ಲ ಮೀನೂ ನೀಳವಾಗಿಬಿಡುತ್ತದೆ. ಬಹಳ ಜನ ಎಡವುವುದು ಇಲ್ಲಿ.

ಒಂದು ಫೋಟೊವನ್ನೇ ನೋಡೋಣ. ಪ್ಲಾಸ್ಟಿಕ್ ಹೊದಿಕೆಯ ಹೊಂಡದಿಂದ ಎತ್ತಿದ ಮೀನು. ಸಾಕಿದವರು ಅದನ್ನು ಮೃಗಾಲ್ ಎಂದು ಬರೆದಿದ್ದರು. ಫೋನಿನ ಪರದೆ ಮೇಲೆ ಅಳೆದಾಗ ಉದ್ದ 96 ಮಿ.ಮೀ., ಅಗಲ 26 ಮಿ.ಮೀ. ಭಾಗಿಸಿದರೆ 3.7. ಬಾಯಿ ಸ್ವಲ್ಪ ಕೆಳಗೆ. ಸೂತ್ರವನ್ನಷ್ಟೇ ಹಿಡಿದರೆ ರೋಹು ಎನ್ನಲೂಬಹುದು, ಮೃಗಾಲ್ ಎನ್ನಲೂಬಹುದು. ಮೂತಿಯ ಎದುರು ಫೋಟೊ ತರಿಸಿಕೊಂಡಾಗ ಕೆಳತುಟಿ ದಪ್ಪವಾಗಿ, ಜಾಲರಿಯಂಚಿನೊಂದಿಗೆ ಕಂಡಿತು. ಅದು ಮೇವು ಸಾಲದೆ ಸೊರಗಿದ ರೋಹು. ಸಾಕಿದವರಿಗೆ ಹೆಸರಿಗಿಂತ ಈ ಸುದ್ದಿ ಮುಖ್ಯವಾಗಿತ್ತು.

ಮೈಯಗಲದ ಸೋಲು ಇಲ್ಲೇ ಕಾಣುತ್ತದೆ: ಅದು ಜಾತಿಯನ್ನು ಎಷ್ಟು ಹೇಳುತ್ತದೋ ಹೊಟ್ಟೆಪಾಡನ್ನೂ ಅಷ್ಟೇ ಹೇಳುತ್ತದೆ. ಬಡಕಲು ಕಾಟ್ಲಾದ ತಲೆ ದೊಡ್ಡದಾಗಿಯೇ ಉಳಿದು ಮೈ ಕಿರಿದಾಗುತ್ತದೆ. ಮೊಟ್ಟೆ ತುಂಬಿದ ಹೆಣ್ಣು ರೋಹು ಅಗಲವಾಗಿ ಕಾಣುತ್ತದೆ. ಇದರ ಮೇಲೆ ಕ್ಯಾಮೆರಾದ ಮೋಸ ಬೇರೆ. ಮೀನಿನ ತಲೆ ಫೋನಿನ ಹತ್ತಿರವಿದ್ದರೆ ರೋಹುವಿಗೂ ಕಾಟ್ಲಾದ ತಲೆ ಬರುತ್ತದೆ. ಬಾಲ ಆಚೆ ವಾಲಿದರೆ ಉದ್ದ ಕುಗ್ಗಿ ಮೃಗಾಲ್ ಕೂಡ ಅಗಲ ಮೀನಾಗುತ್ತದೆ. ಹಾಗಾಗಿ ಒದ್ದೆ ಗೋಣಿಚೀಲದ ಮೇಲೆ ಮೀನನ್ನು ನೇರವಾಗಿ ಮಲಗಿಸಿ, ಫೋನನ್ನು ಅದರ ನಡುಮೈಗೆ ಸರಿಯಾಗಿ ಮೇಲೆ, ಒಂದು ಮೊಳ ಎತ್ತರದಲ್ಲಿ ಹಿಡಿಯಬೇಕು. ಬಾಯಿಯನ್ನೂ ಬೆರಳಿನಿಂದ ಮೆಲ್ಲನೆ ಮುಚ್ಚಬೇಕು. ಬಾಯಿ ತೆರೆದುಕೊಂಡ ಮೀನಿನ ದವಡೆ ಜೋತುಬಿದ್ದು ದಿಕ್ಕೇ ತಪ್ಪಾಗಿ ಕಾಣುತ್ತದೆ.

ಇಷ್ಟು ಮಾಡಿದ ಮೇಲೂ ಬಾಯಿ ಒಂದು ಹೇಳಿ ಮೈ ಇನ್ನೊಂದು ಹೇಳುವ ಮೀನುಗಳಿವೆ. ಮರಿ ಉತ್ಪಾದನಾ ಕೇಂದ್ರಗಳಲ್ಲಿ ಒಂದೇ ತೊಟ್ಟಿಯಲ್ಲಿ ಹಲವು ಜಾತಿಗಳಿಗೆ ಮೊಟ್ಟೆಯಿಡಿಸಿದಾಗ ಕಾಟ್ಲಾ–ರೋಹು ಮಿಶ್ರತಳಿ ಹುಟ್ಟುವುದುಂಟು. ತಲೆ ಕಾಟ್ಲಾಕ್ಕಿಂತ ಚಿಕ್ಕದು, ರೋಹುವಿಗಿಂತ ದೊಡ್ಡದು. ಬಾಯಿ ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಅಂಥ ಫೋಟೊಗೆ ‘ಬಹುಶಃ ಮಿಶ್ರತಳಿ’ ಎಂದಷ್ಟೇ ಬರೆದು, ಅದೇ ಬಲೆಯ ಇನ್ನಷ್ಟು ಮೀನುಗಳ ಫೋಟೊ ಕೇಳಬೇಕು. ಅವುಗಳಲ್ಲೂ ಇದೇ ಬಾಯಿ ಕಂಡರೆ ಪ್ರಶ್ನೆ ಹೊಂಡದ್ದಲ್ಲ, ಮರಿ ತಂದ ಕಡೆಯದು.