ಕೊಟ್ಟಾನ, ಕೊಟ್ಟಾನು, ಕೊಟ್ಟವ್ನೆ

ಆಡಿದ ಮಾತನ್ನು ಬರಹಕ್ಕಿಳಿಸಿ ಇಂಗ್ಲಿಷಿಗೆ ತರುವ ಕೆಲಸ ಇವತ್ತು ಕರ್ನಾಟಕದಲ್ಲಿ ಹಲವು ಕಡೆ ನಡೆಯುತ್ತದೆ. ಫೋನಿನಲ್ಲಿ ಧ್ವನಿಮುದ್ರಿತವಾದ ಸಂಭಾಷಣೆ ನ್ಯಾಯಾಲಯಕ್ಕೆ ಹೋಗಬೇಕಾದಾಗ, ಹಳ್ಳಿಗಳಲ್ಲಿ ಮಾಡಿದ ಸಂದರ್ಶನಗಳು ಸಂಶೋಧಕರ ಕೈಸೇರಬೇಕಾದಾಗ ಅನುಸರಿಸುವ ಪದ್ಧತಿ ಹೆಚ್ಚುಕಡಿಮೆ ಒಂದೇ. ಕೇಳಿ ಬರೆದುಕೊಳ್ಳುವವರು ಬರೆಯುವಾಗಲೇ ಮಾತನ್ನು ತಿದ್ದಿ 'ಶುದ್ಧ' ಕನ್ನಡ ಮಾಡುತ್ತಾರೆ. ಆ ಪ್ರತಿಯನ್ನು ಮುಂದಿಟ್ಟುಕೊಂಡು ಇನ್ನೊಬ್ಬರು ಇಂಗ್ಲಿಷಿಗೆ ಅನುವಾದಿಸುತ್ತಾರೆ. ಮುಂದೆ ಎಲ್ಲಾದರೂ ಅರ್ಥ ಕೆಟ್ಟಿದೆ ಎಂದು ಗೊತ್ತಾದರೆ ದೂರು ಹೋಗುವುದು ಅನುವಾದಕರ ಮೇಲೆ. ಆದರೆ ಇಂಥ ಕೆಲಸದ ಅತ್ಯಂತ ಕೆಟ್ಟ ತಪ್ಪುಗಳು ಇಂಗ್ಲಿಷಿನ ಬಾಗಿಲಿಗೆ ಬರುವ ಮೊದಲೇ ಆಗಿಹೋಗಿರುತ್ತವೆ. ಆಡುಗನ್ನಡದಿಂದ ಬರಹಗನ್ನಡಕ್ಕೆ ಮಾತನ್ನು ತಿರುಗಿಸುವುದೂ ಒಂದು ಅನುವಾದವೇ. ಅದನ್ನು ನಾವು ಅನುವಾದವೆಂದು ಎಣಿಸುವುದಿಲ್ಲವಾದ್ದರಿಂದ ಅದನ್ನು ಯಾರೂ ಪರಿಶೀಲಿಸುವುದೂ ಇಲ್ಲ.

ಆಡುಮಾತು ಬರಹದ ಕೆಟ್ಟುಹೋದ ರೂಪ, ಸ್ವಲ್ಪ ಒರೆಸಿದರೆ ಸರಿಯಾಗುತ್ತದೆ ಎಂಬ ನಂಬಿಕೆ ಈ ಪದ್ಧತಿಯ ತಳದಲ್ಲಿದೆ. ಒರೆಸುವುದು ಎಂದರೆ ಸಾಮಾನ್ಯವಾಗಿ ಬಿದ್ದುಹೋದ ಸ್ವರಗಳನ್ನು ಮರಳಿ ಹಚ್ಚುವುದು. ಮೈಸೂರು ಬೆಂಗಳೂರಿನ ಓದಿದವರ ಮಾತಿನಲ್ಲಿ ಇದು ಸಾಕಷ್ಟು ಮಟ್ಟಿಗೆ ನಡೆಯುತ್ತದೆ: 'ಬರ್ತಾನೆ' ಎಂಬುದನ್ನು 'ಬರುತ್ತಾನೆ' ಎಂದು ಬರೆದರೆ ಅರ್ಥಕ್ಕೆ ಏನೂ ಆಗುವುದಿಲ್ಲ. ಅಲ್ಲಿ ನಡೆದದ್ದು ಎಲ್ಲೆಡೆಯೂ ನಡೆಯುತ್ತದೆ ಎಂದುಕೊಳ್ಳುವುದೇ ಅಪಾಯ. ಆಡುಗನ್ನಡಕ್ಕೆ ತನ್ನದೇ ವ್ಯಾಕರಣವಿದೆ ಎಂಬುದು ಹೊಸ ಮಾತೇನಲ್ಲ. ವಿಲಿಯಂ ಬ್ರೈಟ್ ಅವರು ಬರೆದ, ಆಡುಗನ್ನಡದ್ದೇ ಆದ ಒಂದು ವ್ಯಾಕರಣ ರೂಪರೇಖೆ ಪುಣೆಯ ಡೆಕ್ಕನ್ ಕಾಲೇಜಿನಿಂದ 1958ರಲ್ಲೇ ಹೊರಬಂದಿದೆ. ಇಷ್ಟು ವರ್ಷಗಳ ಮೇಲೂ ಬೆರಳಚ್ಚಿನ ಮೇಜಿನ ಮುಂದೆ ನಾವು ಆ ತಿಳಿವಳಿಕೆಯನ್ನು ಬದಿಗಿಡುತ್ತೇವೆ.

ಒಂದೇ ಒಂದು ಕ್ರಿಯಾರೂಪವನ್ನು ಹತ್ತಿರದಿಂದ ನೋಡಿದರೆ ಸಾಕು. ಒಬ್ಬ ಹಣ ಕೊಟ್ಟಾಗಿದೆ, ಕೆಲಸ ಮುಗಿದಿದೆ ಎನ್ನಲು ಬರಹದಲ್ಲಿ 'ಕೊಟ್ಟಿದ್ದಾನೆ' ಎನ್ನುತ್ತೇವೆ. ಧಾರವಾಡ, ಹಾವೇರಿ, ಗದಗದ ಕಡೆಯ ಮಾತಿನಲ್ಲಿ ಇದು 'ಕೊಟ್ಟಾನ'. ಮಂಡ್ಯ, ಮೈಸೂರಿನ ಹಳ್ಳಿಗಳ ಕಡೆ 'ಕೊಟ್ಟವ್ನೆ'. ಈ ಎರಡಕ್ಕೂ ಬರಹಗನ್ನಡದಲ್ಲಿ ತದ್ರೂಪದಂತೆ ಕಾಣುವ, ಅರ್ಥದಲ್ಲಿ ಮಾತ್ರ ಪೂರ್ತಿ ಬೇರೆಯಾದ ರೂಪಗಳಿವೆ. 'ಕೊಟ್ಟಾನ' ಎಂಬುದಕ್ಕೆ ಬಿದ್ದುಹೋದ ಉಕಾರವನ್ನು ಹಚ್ಚಿದೆನೆಂದುಕೊಂಡು 'ಕೊಟ್ಟಾನು' ಎಂದು ಬರೆದರೆ, ಶಾಲೆಯ ವ್ಯಾಕರಣದಲ್ಲಿ ಸಂಭಾವನಾರ್ಥಕ ಎಂದು ಕಲಿತ ರೂಪ ಬಂತು: ಕೊಡಬಹುದು, ಕೊಟ್ಟರೂ ಕೊಟ್ಟಾನು ಎಂದರ್ಥ. ಮುಗಿದ ಕೆಲಸ ಒಂದು ಅಕ್ಷರದಲ್ಲಿ ಮುಂದಿನ ಅನುಮಾನವಾಯಿತು. ದಕ್ಷಿಣದವರ ಕಿವಿಗೆ 'ಕೊಟ್ಟಾನ' ಎಂಬುದರ ಕೊನೆಯ ಅಕಾರ ಪ್ರಶ್ನೆಯಂತೆ ಕೇಳಿ, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಬೀಳುವುದೂ ಉಂಟು. ಅತ್ತ ಮಂಡ್ಯದ 'ಕೊಟ್ಟವ್ನೆ' ಎಂಬುದನ್ನು 'ಕೊಟ್ಟವನೇ' ಎಂದು ಬಿಡಿಸಿ ಬರೆದರೆ, ಕೊಟ್ಟ ವ್ಯಕ್ತಿ ಇವನೇ ಎಂಬ ಗುರುತಿಸುವ ಮಾತಾಗುತ್ತದೆ. ಮೂವರು ಹೇಳಿದ ಒಂದೇ ಸಂಗತಿ ಕಾಗದದ ಮೇಲೆ ಮೂರು ಬೇರೆ ಹೇಳಿಕೆಗಳಾಗಿ ನಿಲ್ಲುತ್ತದೆ. ಅನುವಾದಕರು ಎಷ್ಟೇ ಪ್ರಾಮಾಣಿಕರಾಗಿದ್ದರೂ ತಮ್ಮ ಮುಂದಿರುವ 'ಕೊಟ್ಟಾನು' ಎಂಬುದನ್ನು 'ಹಿ ಮೇ ಗಿವ್' ಎಂದೇ ಬರೆಯಬೇಕು. ಅವರ ದೃಷ್ಟಿಯಿಂದ ಅದು ಸರಿಯಾದ ಅನುವಾದ.

ಇದು ಒಂದು ಸಂಭಾಷಣೆಯಲ್ಲಿ ಹೇಗೆ ಬೆಳೆಯುತ್ತದೆ ಎಂದು ನೋಡಲು ಉದಾಹರಣೆಗೆಂದೇ ಕಟ್ಟಿದ ಎರಡು ಸಾಲು ತೆಗೆದುಕೊಳ್ಳೋಣ. ಈರುಳ್ಳಿ ವ್ಯಾಪಾರದ ಬಾಕಿಯ ಬಗ್ಗೆ ಹಾವೇರಿ ಕಡೆಯ ಇಬ್ಬರು ಫೋನಿನಲ್ಲಿ ಮಾತಾಡುತ್ತಿದ್ದಾರೆ. ಹಿರಿಯ ಕೇಳುತ್ತಾನೆ: 'ನಿಮ್ಮಣ್ಣಗ ರೊಕ್ಕ ಮುಟ್ಟೈತೇನು?' ಕಿರಿಯ ಹೇಳುತ್ತಾನೆ: 'ಕೊಟ್ಟಾನಂತ. ನಿನ್ನಿ ಸಂಜಿಮುಂದ ಬಂದಿದ್ನಂತ. ನಾ ಊರಾಗ ಇರಲಿಲ್ರಿ.' ತಿದ್ದಿದ ಪ್ರತಿಯಲ್ಲಿ ಉತ್ತರ ಹೀಗಾಗಬಹುದು: 'ಕೊಟ್ಟಾನು ಎಂದು. ನಿನ್ನೆ ಸಂಜೆ ಬಂದಿದ್ದನು. ನಾನು ಊರಿನಲ್ಲಿ ಇರಲಿಲ್ಲ.' ಮೊದಲನೆಯ ವಾಕ್ಯ ಅಪೂರ್ಣವಾಗಿ ಕಾಣುವುದರಿಂದ 'ಎಂದು ಹೇಳಿದನು' ಎಂದು ಸೇರಿಸಿ ಪೂರ್ತಿ ಮಾಡುವುದೂ ಸಹಜವೇ. ಈಗ ಇಂಗ್ಲಿಷಿನಲ್ಲಿ ಏನು ನಿಲ್ಲುತ್ತದೆ? ಹಣ ಕೊಡಬಹುದು ಎಂದು ಯಾರೋ ಹೇಳಿದ್ದಾರೆ. ಸಾಲಗಾರ ನಿನ್ನೆ ಸಂಜೆ ಬಂದಿದ್ದ ಎಂಬುದನ್ನು ಈ ಹುಡುಗ ತಾನೇ ಸಾಕ್ಷಿಯಾಗಿ ಹೇಳುತ್ತಿದ್ದಾನೆ. ನಿಜವಾಗಿ ಅವನು ಹೇಳಿದ್ದು ಇದರ ತಿರುವುಮುರುವು. ಹಣ ಕೊಟ್ಟಾಗಿದೆಯಂತೆ, ನಿನ್ನೆ ಸಂಜೆ ಬಂದಿದ್ದನಂತೆ, ಎರಡನ್ನೂ ತಾನು ಕಂಡಿಲ್ಲ, ಕೇಳಿದ್ದು, ಏಕೆಂದರೆ ತಾನು ಊರಿನಲ್ಲಿರಲಿಲ್ಲ.

ಇಲ್ಲಿ ಎಡವಿಸಿದ್ದು 'ಅಂತ' ಎಂಬ ಎರಡಕ್ಷರದ ಮಾತು. ದಕ್ಷಿಣದ ಕನ್ನಡದಲ್ಲಿ 'ಅಂತ' ಬೇರೆ, 'ಅಂತೆ' ಬೇರೆ. ಮೊದಲನೆಯದು ಬರಹದ 'ಎಂದು', ಎರಡನೆಯದು ಕೇಳಿದ ಸುದ್ದಿಯ ಗುರುತು. ಉತ್ತರದ ಮಾತಿನಲ್ಲಿ ಕ್ರಿಯಾಪದದ ಕೊನೆಯ ಎಕಾರ ಅಕಾರವಾಗುವ ರೂಢಿಯಿದೆ: ಬರ್ತಾನೆ ಎಂಬುದು ಬರ್ತಾನ ಆಗುವ ಹಾಗೆಯೇ ಅಂತೆ ಎಂಬುದೂ ಅಂತ ಆಗುತ್ತದೆ. ಆದ್ದರಿಂದ ಎರಡು ಕೆಲಸಗಳಿಗೆ ಒಂದೇ ರೂಪ ಉಳಿಯುತ್ತದೆ. ಆ ಭಾಗದವರಿಗೆ ಇದರಿಂದ ತೊಡಕಿಲ್ಲ. 'ಎಂದು' ಎಂಬರ್ಥದ ಅಂತ ಬಂದರೆ ಹೇಳಿದ, ಅಂದ, ತಿಳಕೊಂಡೆ ಎಂಬಂಥ ಇನ್ನೊಂದು ಕ್ರಿಯಾಪದ ಜೊತೆಗಿರುತ್ತದೆ. ಸುದ್ದಿಯ ಅಂತದಲ್ಲಿ ಮಾತು ಅಲ್ಲೇ ಮುಗಿದು ದನಿ ಇಳಿಯುತ್ತದೆ. ಆದರೆ 'ಹೇಳಿದ ನನಗ, ರೊಕ್ಕ ಕೊಟ್ಟಾನಂತ' ಎಂದು ಕ್ರಿಯಾಪದ ಮುಂದೆ ಬಂದು ಅಂತ ಕೊನೆಗೆ ಬೀಳುವುದೂ ಮಾತಿನಲ್ಲಿ ಸಾಮಾನ್ಯ. ಆಗ ಕಾಗದ ನೋಡಿ ತೀರ್ಮಾನಿಸಲು ಬರುವುದಿಲ್ಲ, ಹಿಂದಿನ ಮುಂದಿನ ಮಾತನ್ನೂ ದನಿಯನ್ನೂ ಕೇಳಬೇಕು. ನ್ಯಾಯಾಲಯದ ಮಟ್ಟಿಗೆ ಈ ಎರಡಕ್ಷರ ಸಣ್ಣದಲ್ಲ. ಬಾಯಿಮಾತಿನ ಸಾಕ್ಷ್ಯ ನೇರವಾಗಿರಬೇಕು, ಕಂಡವನೇ ಕಂಡದ್ದನ್ನು ಹೇಳಬೇಕು ಎಂಬುದು 1872ರ ಸಾಕ್ಷ್ಯ ಕಾಯ್ದೆಯಿಂದಲೂ ನಡೆದುಬಂದಿರುವ ನಿಯಮ. ಸುದ್ದಿಯನ್ನು ಸುದ್ದಿ ಎಂದೇ ಹೇಳಲು ಕನ್ನಡ ಒಂದು ಪ್ರತ್ಯೇಕ ಗುರುತನ್ನೇ ಇಟ್ಟುಕೊಂಡಿದೆ. ಅದನ್ನು ಅಳಿಸಿದ ಪ್ರತಿ, ಎಚ್ಚರದಿಂದ ಮಾತಾಡಿದ ಮನುಷ್ಯನನ್ನು ಕಣ್ಣಾರೆ ಕಂಡೆನೆಂದು ಹೇಳಿದವನನ್ನಾಗಿ ಮಾಡುತ್ತದೆ. 'ಇರಲಿಲ್ರಿ' ಎಂಬಲ್ಲಿನ 'ರಿ' ಬಿದ್ದುಹೋದದ್ದನ್ನೂ ಗಮನಿಸಬೇಕು. ಕೇಳಿದವನ ಮಾತಿನಲ್ಲಿ ಅದಿಲ್ಲ, ಉತ್ತರಿಸಿದವನ ಮಾತಿನಲ್ಲಿದೆ; ಇಬ್ಬರಲ್ಲಿ ಯಾರು ಹಿರಿಯ, ಯಾರು ತಗ್ಗಿ ನಡೆಯುವವ ಎಂದು ಹೇಳುತ್ತಿದ್ದದ್ದು ಅದೊಂದೇ.

ಕರಾವಳಿಯ ಮಾತು ಬರಹಕ್ಕೆ ಹೆಚ್ಚು ಹತ್ತಿರ, ಅಲ್ಲಿ ಇಂಥ ಭಯವಿಲ್ಲ ಎನ್ನುವವರಿದ್ದಾರೆ. ಹತ್ತಿರವಿರುವುದೇ ಅಲ್ಲಿ ಮೋಸಹೋಗಿಸುತ್ತದೆ. ಬರಹದಲ್ಲಿ 'ಅವನು ಹೋಗಲಿಕ್ಕಿಲ್ಲ' ಎಂದರೆ ಬಹುಶಃ ಹೋಗುವುದಿಲ್ಲ ಎಂಬ ಊಹೆ. ಮಂಗಳೂರಿನ ಕಡೆ 'ಅಲ್ಲಿಗೆ ಹೋಗ್ಲಿಕ್ಕಿಲ್ಲ' ಎಂದು ಒಬ್ಬರು ಇನ್ನೊಬ್ಬರಿಗೆ ಹೇಳಿದರೆ ಅದು ನಿಷೇಧ: ಹೋಗಕೂಡದು. ತರಗತಿಯಲ್ಲಿ ಮಕ್ಕಳಿಗೆ 'ಗಲಾಟೆ ಮಾಡ್ಲಿಕ್ಕಿಲ್ಲ' ಎನ್ನುವ ಶಿಕ್ಷಕರು ಮಕ್ಕಳ ಬಗ್ಗೆ ಊಹೆ ಮಾಡುತ್ತಿಲ್ಲ. ಇಲ್ಲಿ ತಿದ್ದುವವರು ಒಂದಕ್ಷರವನ್ನೂ ಬದಲಿಸಬೇಕಾಗಿಲ್ಲ, ಇದ್ದ ಹಾಗೇ ಬರೆದರೂ ಓದುವವರು ಬರಹದ ಅರ್ಥವನ್ನೇ ಹಿಡಿಯುತ್ತಾರೆ. ಖಚಿತವಾಗಿ ಕೊಟ್ಟ ಅಪ್ಪಣೆ ಅನುವಾದದಲ್ಲಿ ಅಂದಾಜಾಗಿ ಬರುತ್ತದೆ. ಮಾತಾಡಿದವರು ಯಾವ ಊರಿನವರು ಎಂಬ ಒಂದು ಸಾಲು ಪ್ರತಿಯ ತಲೆಯ ಮೇಲೆ ಏಕಿರಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ.

ಈ ವಾದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದೇ. ಬರಹಗನ್ನಡ ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲರಿಗೂ ತಿಳಿಯುವ ಒಂದೇ ರೂಪ. ಹಳ್ಳಿಯ ಮಾತನ್ನು ಹಾಗೇ ಬರೆದಿಟ್ಟರೆ ಬೇರೆ ಜಿಲ್ಲೆಯ ನ್ಯಾಯಾಧೀಶರಿಗೆ, ಸಂಶೋಧಕರಿಗೆ ಓದಲು ಕಷ್ಟ. ನಿಜ. ಆದರೆ ಇದು ಬರಹರೂಪವೂ ಬೇಕು ಎಂಬುದಕ್ಕೆ ಕಾರಣವಾಗುತ್ತದೆಯೇ ಹೊರತು ಆಡಿದ ರೂಪ ಬೇಡ ಎಂಬುದಕ್ಕೆ ಆಗುವುದಿಲ್ಲ. ಎರಡನ್ನೂ ಅಕ್ಕಪಕ್ಕದ ಅಂಕಣಗಳಲ್ಲಿ ಇಟ್ಟರೆ ಓದುವವರಿಗೆ ಅನುಕೂಲ, ಸಂಶಯ ಬಂದವರಿಗೆ ಆಧಾರ. ನಮ್ಮ ಲಿಪಿಯಲ್ಲಿ ಆಡುಮಾತನ್ನು ಬರೆಯಲು ಬರುವುದಿಲ್ಲ ಎಂಬ ಇನ್ನೊಂದು ಮಾತು ಮಾತ್ರ ನಿಲ್ಲುವುದಿಲ್ಲ. ಚಂದ್ರಶೇಖರ ಕಂಬಾರರ ನಾಟಕಗಳು ಉತ್ತರದ ಮಾತನ್ನು, ದೇವನೂರ ಮಹಾದೇವರ 'ಕುಸುಮಬಾಲೆ' ನಂಜನಗೂಡಿನ ಸೀಮೆಯ ಮಾತನ್ನು ಇದೇ ಲಿಪಿಯಲ್ಲಿ ಹಿಡಿದಿವೆ. ಕುಸುಮಬಾಲೆಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. 'ಮಾಡ್ಯಾನ', 'ಹ್ಯಾಂಗ' ಎಂದು ಬರೆಯುವ ರೂಢಿ ಅಚ್ಚಿನಲ್ಲಿ ಬಹಳ ಹಿಂದೆಯೇ ನೆಲೆಯೂರಿದೆ.

ಇಂಗ್ಲಿಷಿಗೆ ಹೋದಮೇಲೆ ಧಾರವಾಡವೂ ಇಲ್ಲ, ಮಂಡ್ಯವೂ ಇಲ್ಲ, ಎಲ್ಲ ಅಳಿದುಹೋಗುವುದನ್ನು ಇಷ್ಟು ಜತನ ಮಾಡುವುದೇಕೆ ಎಂದು ಕೇಳುವವರು ಸಾಹಿತ್ಯದ ಅನುವಾದವನ್ನೂ ಮಾತುಕತೆಯ ಅನುವಾದವನ್ನೂ ಒಂದೇ ಎಂದುಕೊಂಡಿದ್ದಾರೆ. ಕಾದಂಬರಿಯ ಅನುವಾದಕರಿಗೆ ಮಾತಿನ ಸೊಗಡು ತಲೆನೋವು. ಮಾತುಕತೆಯ ಪ್ರತಿಯಲ್ಲಿ ಸೊಗಡು ಹೋದರೆ ಹೋಗಲಿ. ಹಾವೇರಿಯ ರೈತನ ಬಾಯಲ್ಲಿ ಮುರುಕು ಇಂಗ್ಲಿಷ್ ತುರುಕುವುದಂತೂ ಅವನಿಗೆ ಮಾಡುವ ಅವಮಾನ. ಇಲ್ಲಿ ಉಳಿಯಬೇಕಾದದ್ದು ಕಾಲ, ಖಚಿತತೆ, ಕಂಡದ್ದೋ ಕೇಳಿದ್ದೋ ಎಂಬ ಭೇದ. ಇವೆಲ್ಲವನ್ನೂ ಹೇಳಲು ಇಂಗ್ಲಿಷಿನಲ್ಲಿ ಸಾಧನಗಳಿವೆ. 'ಅಂತೆ'ಗೆ ಒಂದೇ ಪ್ರತ್ಯಯ ಅಲ್ಲಿಲ್ಲದಿದ್ದರೂ 'ಹೀಗೆ ಕೇಳಿದೆ' ಎನ್ನುವ ನಾಲ್ಕು ದಾರಿಗಳಿವೆ. ಅನುವಾದಕರ ಮುಂದೆ ಆ ಭೇದ ಇರಬೇಕಷ್ಟೆ.

ಖರ್ಚು ಮತ್ತು ವೇಳೆಯ ಆಕ್ಷೇಪವನ್ನು ತಳ್ಳಿಹಾಕಲಾಗದು. ಪ್ರತಿ ಜಿಲ್ಲೆಯ, ಅದರೊಳಗೆ ಪ್ರತಿ ಸಮುದಾಯದ ಮಾತನ್ನು ಬಲ್ಲವರನ್ನು ಎಲ್ಲಿಂದ ತರುವುದು? ಧಾರವಾಡದಂಥ ಒಂದೇ ಊರಿನಲ್ಲಿ ಕೆಲವರ ಮನೆಯಲ್ಲಿ 'ಐತಿ', ಕೆಲವರ ಮನೆಯಲ್ಲಿ 'ಅದ'. ಎಲ್ಲವನ್ನೂ ಬಲ್ಲವರು ಯಾರೂ ಇಲ್ಲ, ಇರಬೇಕಾಗಿಯೂ ಇಲ್ಲ. ಬರೆದುಕೊಳ್ಳುವವರು ಮಾತನ್ನು ಕೇಳಿದ ಹಾಗೆ ಬರೆದು, ಕ್ರಿಯಾಪದದ ಕೊನೆ ಅನುಮಾನವಾದ ಕಡೆ ಧ್ವನಿಮುದ್ರಣದ ನಿಮಿಷ ಸೆಕೆಂಡನ್ನು ಅಂಚಿನಲ್ಲಿ ಗುರುತಿಸಿದರೆ ಸಾಕು. ಆ ಸೀಮೆಯವರೊಬ್ಬರು ಇಡೀ ಮುದ್ರಣವನ್ನು ಕೇಳಬೇಕಾಗಿಲ್ಲ, ಗುರುತು ಹಾಕಿದ ಜಾಗಗಳನ್ನಷ್ಟೇ ಕೇಳಿ ಹೇಳಬಹುದು. ಬರೆದವರಿಗೆ 'ಕೊಟ್ಟಾನ' ಎಂದರೇನೆಂದು ತಿಳಿಯದಿದ್ದರೂ ಅದು ಕಾಗದದ ಮೇಲೆ ಉಳಿದಿದ್ದರೆ ನಾಳೆ ಯಾರೋ ತಿಳಿದವರು ತಪ್ಪನ್ನು ಹಿಡಿಯುತ್ತಾರೆ. 'ಕೊಟ್ಟಾನು' ಎಂದು ತಿದ್ದಿಟ್ಟ ಮೇಲೆ ಅದು ಎಲ್ಲರ ಕಣ್ಣಿಗೂ ಸರಿಯಾದ ಕನ್ನಡವಾಗಿಯೇ ಕಾಣುತ್ತದೆ, ಧ್ವನಿಮುದ್ರಣವನ್ನು ಮತ್ತೆ ಹಾಕಿ ಕೇಳಬೇಕೆಂದು ಯಾರಿಗೂ ಅನ್ನಿಸುವುದಿಲ್ಲ.

ಮಾತುಕತೆಯ ಪ್ರತಿ ಮಾಡಿಸುವ ಕಚೇರಿಗಳೂ ಸಂಶೋಧನಾ ಸಂಸ್ಥೆಗಳೂ ತಿದ್ದಿದ ಪ್ರತಿಯೊಂದನ್ನೇ ಅನುವಾದಕ್ಕೆ ಕಳಿಸುವುದನ್ನು ನಿಲ್ಲಿಸಬೇಕು. ಅನುವಾದಕರಿಗೂ ಒಂದು ವಿನಂತಿ: ಕೈಗೆ ಬಂದ ಕನ್ನಡ ಪ್ರತಿ ಪಠ್ಯಪುಸ್ತಕದಷ್ಟು ನುಣುಪಾಗಿದ್ದರೆ ಕೆಲಸ ಶುರು ಮಾಡುವ ಮುನ್ನ ಧ್ವನಿಮುದ್ರಣವನ್ನು ಕೇಳಿ ಪಡೆಯಿರಿ.