ಮೊದಲು ಉತ್ತರದ ಪುಟ ನೋಡಿ

ಪ್ರಾಥಮಿಕ ಶಾಲೆಯ ಮಕ್ಕಳಿಗೆಂದು ತಯಾರಾಗುವ ಸಚಿತ್ರ ಇತಿಹಾಸ ರಸಪ್ರಶ್ನೆಗಳಲ್ಲಿ ಎಷ್ಟೋ ಹೆಸರಿಗಷ್ಟೇ ಸಚಿತ್ರ. ಹಂಪಿಯ ಕಲ್ಲಿನ ರಥದ ಫೋಟೊ ಹಾಕಿ, ‘ಕಲ್ಲಿನ ರಥ ಎಲ್ಲಿದೆ?’ ಎಂದು ಕೇಳಿ, ನಾಲ್ಕು ಊರಿನ ಹೆಸರು ಕೊಟ್ಟಿರುತ್ತಾರೆ. ಫೋಟೊದ ಮೇಲೆ ಕೈ ಇಟ್ಟು ಮುಚ್ಚಿ ಪ್ರಶ್ನೆ ಓದಿದರೂ ಉತ್ತರ ಹೇಳಬಹುದು. ಗೊತ್ತಿದ್ದ ಮಗು ಚಿತ್ರ ನೋಡದೆ ಹೇಳುತ್ತದೆ, ಗೊತ್ತಿಲ್ಲದ ಮಗು ಎಷ್ಟು ನೋಡಿದರೂ ಹೇಳಲಾರದು. ಇಸವಿಯ ಹೊರೆ ಇಳಿಸಿದ್ದೇವೆ ಎಂದುಕೊಂಡವರು ಆ ಜಾಗದಲ್ಲಿ ಹೆಸರಿನ ಹೊರೆ ಹೊರಿಸಿದ್ದಾರೆ, ಅಷ್ಟೆ.

ಅದೇ ರಥವನ್ನು ಬೇರೆ ರೀತಿಯಲ್ಲಿ ಕೇಳಬಹುದು. ಐವತ್ತು ರೂಪಾಯಿಯ ಹೊಸ ನೋಟಿನ ಹಿಂಬದಿಯಲ್ಲಿ ಅದರ ಚಿತ್ರವಿದೆ, ಹಾಗಾಗಿ ಮಕ್ಕಳಿಗೆ ತೀರಾ ಅಪರಿಚಿತವಲ್ಲ. ಅದರ ಪಕ್ಕದಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಬ್ರಿಟಿಷ್ ಸೇನಾಧಿಕಾರಿ 1856ರಲ್ಲಿ ತೆಗೆದ ಫೋಟೊ ಇಟ್ಟು, ‘ಎರಡರಲ್ಲಿ ಏನು ವ್ಯತ್ಯಾಸ?’ ಎಂದಷ್ಟೇ ಕೇಳಿ, ಎರಡು ಮೂರು ನಿಮಿಷ ಸುಮ್ಮನಿರಬೇಕು. ಹಳೆಯ ಫೋಟೊದಲ್ಲಿ ರಥದ ತಲೆಯ ಮೇಲೊಂದು ಗೋಪುರವಿದೆ, ಈಗಿನದರಲ್ಲಿ ಇಲ್ಲ. ಹಂಪಿಯ ಹೆಸರೇ ಕೇಳದ ಮಗುವೂ ಇದನ್ನು ಕಂಡುಹಿಡಿಯುತ್ತದೆ. ಆಮೇಲೆ ‘ಗೋಪುರ ಏನಾಯಿತು?’ ಎಂಬ ಪ್ರಶ್ನೆಯನ್ನು ನಾವು ಕೇಳಬೇಕಾಗಿಲ್ಲ, ಮಕ್ಕಳೇ ಕೇಳುತ್ತಾರೆ. ಕೆಳಗಿನದು ಕಲ್ಲು, ಮೇಲಿನದು ಇಟ್ಟಿಗೆ ಎಂದು ಆಗ ಹೇಳಿದರೆ ಆ ಮಾತಿಗೆ ತೂಕ ಬರುತ್ತದೆ. ಯಾವುದು ಬೇಗ ಹಾಳಾಗುತ್ತದೆ ಎಂಬುದನ್ನು ಮಳೆಗಾಲದಲ್ಲಿ ಹಳೆಯ ಗೋಡೆ ಕಂಡ ಯಾವ ಮಗುವಾದರೂ ಊಹಿಸಬಲ್ಲದು.

ಮೂರನೆಯ ಚಿತ್ರ ರಥದ ಮುಂಭಾಗದ್ದು, ಹತ್ತಿರದಿಂದ ತೆಗೆದದ್ದು. ಮುಂದೆ ಎರಡು ಆನೆಗಳಿವೆ. ಅವುಗಳ ಹಿಂದೆ ಬೇರೆ ಪ್ರಾಣಿಯ ಹಿಂಗಾಲು, ಬಾಲದ ಗುರುತುಗಳಿವೆ. ಅವು ಕುದುರೆಯವು. ಮೊದಲು ಇಲ್ಲಿ ಕುದುರೆಗಳಿದ್ದವು, ಆನೆಗಳನ್ನು ಆಮೇಲೆ ತಂದಿಟ್ಟರು. ಒಂದೇ ಒಂದು ಇಸವಿ ಬಾಯಿಪಾಠ ಮಾಡದೆ ಮಗುವಿಗೆ ‘ಮೊದಲು’, ‘ಆಮೇಲೆ’, ‘ಈಗ’ ಎಂಬ ಸರಣಿ ಸಿಕ್ಕಿತು. ಹಳೆಯ ಕಟ್ಟಡ ನಿಂತಲ್ಲೇ ನಿಂತಿರುವುದಿಲ್ಲ, ಬದಲಾಗುತ್ತಲೇ ಬಂದಿರುತ್ತದೆ ಎಂಬುದೂ ಕಣ್ಣಿಗೆ ಕಂಡಿತು. ಆದರೆ ಶಾಲೆಯ ಝೆರಾಕ್ಸ್ ಪ್ರತಿಯಲ್ಲಿ ಆ ಬಾಲ ಬರೀ ಕಪ್ಪು ಕಲೆಯಾಗಿ ಕಂಡರೆ ಇಡೀ ಆಟ ಕೆಟ್ಟಿತು. ಇಂಥ ಪ್ರಶ್ನೆಗೆ ಒಳ್ಳೆಯ ಮುದ್ರಣ ಅಲಂಕಾರವಲ್ಲ, ಪ್ರಶ್ನೆಯ ಒಂದು ಭಾಗವೇ.

ಇಸವಿಯೇ ಬೇಡ ಎಂಬ ಹಟಕ್ಕೂ ನನ್ನ ಒಪ್ಪಿಗೆಯಿಲ್ಲ. ಎಲ್ಲವೂ ‘ಬಹಳ ಹಿಂದೆ’ ಆಗಿಬಿಟ್ಟರೆ ಕೃಷ್ಣದೇವರಾಯನೂ ಕ್ಯಾಮೆರಾ ಹಿಡಿದ ಗ್ರೀನ್‌ಲಾನೂ ಒಂದೇ ಕಾಲದವರಾಗುತ್ತಾರೆ. 1856 ಎಂಬುದನ್ನು ಉತ್ತರವಾಗಿ ಕೇಳಬಾರದು, ಆದರೆ ಉತ್ತರ ಹೇಳಿಯಾದ ಮೇಲೆ ಫೋಟೊದ ಕೆಳಗೆ ಬರೆಯಬೇಕು. ನಾಲ್ಕು, ಐದನೆಯ ತರಗತಿಯವರಿಗೆ ಅಷ್ಟು ಸಾಕು. ಅದಕ್ಕಿಂತ ಚಿಕ್ಕವರಿಗೆ ಚಿತ್ರಗಳನ್ನು ಹಿಂದುಮುಂದಾಗಿ ಜೋಡಿಸುವುದೇ ಸಾಕಷ್ಟು ಕೆಲಸ.

ಈ ರಸಪ್ರಶ್ನೆಗಳು ದೊಡ್ಡದಾಗಿ ಎಡವುವುದು ‘ಇವರು ಯಾರು?’ ಎಂಬ ಪುಟದಲ್ಲಿ. ಮೀಸೆ, ಕಿರೀಟ, ಕತ್ತಿಯ ರಾಜರು ಸಾಲಾಗಿ ನಿಂತಿರುತ್ತಾರೆ. ಇವು ಕ್ಯಾಲೆಂಡರ್ ಕಲಾವಿದರ ಕಲ್ಪನೆ ಎಂದು ಎಲ್ಲಿಯೂ ಬರೆದಿರುವುದಿಲ್ಲ, ಮಗು ಅವನ್ನು ಫೋಟೊ ಎಂದೇ ನಂಬುತ್ತದೆ. ತಿರುಮಲೆಯ ದೇವಾಲಯದಲ್ಲಿ ಕೃಷ್ಣದೇವರಾಯನ ಲೋಹದ ಪ್ರತಿಮೆಯಿದೆ. ಇಬ್ಬರು ರಾಣಿಯರ ನಡುವೆ, ತಲೆಗೆ ಉದ್ದನೆಯ ಟೋಪಿ ಹಾಕಿ ಕೈಮುಗಿದು ನಿಂತಿದ್ದಾನೆ. ಕ್ಯಾಲೆಂಡರಿನ ರಾಜನನ್ನೂ ಈ ಪ್ರತಿಮೆಯನ್ನೂ ಅಕ್ಕಪಕ್ಕ ಇಟ್ಟು, ‘ಕೈಯಲ್ಲಿ ಏನಿದೆ? ತಲೆಯ ಮೇಲೆ ಏನಿದೆ? ಇಲ್ಲಿ ಕತ್ತಿ ಯಾಕಿಲ್ಲ?’ ಎಂದು ಕೇಳಬಹುದು. ದೇವರ ಮುಂದೆ ಭಕ್ತನಾಗಿ ನಿಂತವನ ಕೈಯಲ್ಲಿ ಕತ್ತಿ ಇರುವುದಿಲ್ಲ ಎಂದು ಯಾರಾದರೊಬ್ಬರು ಹೇಳೇ ಹೇಳುತ್ತಾರೆ. ಒಬ್ಬನೇ ರಾಜನನ್ನು ಬೇರೆ ಬೇರೆ ಕಾರಣಕ್ಕೆ ಬೇರೆ ಬೇರೆಯಾಗಿ ತೋರಿಸುತ್ತಾರೆ ಎಂಬ ತಿಳಿವು ಹತ್ತು ರಾಜರ ಹೆಸರು ಗುರುತಿಸುವುದಕ್ಕಿಂತ ದೊಡ್ಡದು.

ಈ ಬಗೆಯ ಪ್ರಶ್ನೆಗಳಿಗೆ ಒಂದು ತೊಡಕಿದೆ: ಅಂಕ ಕೊಡುವುದು ಕಷ್ಟ. ಮೊದಲು ಗಂಟೆ ಒತ್ತಿದವರಿಗೆ ಅಂಕ ಎಂದರೆ ನಿಧಾನವಾಗಿ ನೋಡುವ ಮಗು ಹಿಂದೆ ಬೀಳುತ್ತದೆ. ತಂಡಕ್ಕೊಂದು ಚಿತ್ರ ಕೊಟ್ಟು, ‘ಚಿತ್ರದಲ್ಲಿ ಎಲ್ಲಿ ಕಂಡಿತು, ಬೆರಳಿಟ್ಟು ತೋರಿಸು’ ಎಂದು ಕೇಳಿ, ತೋರಿಸಿದ್ದಕ್ಕೆ ಅಂಕ ಕೊಡಬಹುದು. ಆಗ ಊಹೆಗೆ ಅಂಕವಿಲ್ಲ, ನೋಟಕ್ಕಿದೆ. ನಲವತ್ತು ಮಕ್ಕಳ ತರಗತಿಯಲ್ಲಿ ಒಂದು ಪೀರಿಯಡ್‌ಗೆ ಮೂರು ಚಿತ್ರ ಮುಗಿದರೆ ಹೆಚ್ಚು. ಇಪ್ಪತ್ತೈದು ಪ್ರಶ್ನೆ ಮುಗಿಸಲೇಬೇಕು ಎನ್ನುವವರಿಗೆ ಇದು ಹೊಂದುವುದಿಲ್ಲ.

ಆದ್ದರಿಂದ ಇಂಥ ಪುಸ್ತಕ ಕೊಳ್ಳುವ ಮೇಷ್ಟ್ರು ಮುಖಪುಟದ ಬಣ್ಣಕ್ಕೆ ಮರುಳಾಗದೆ ಕೊನೆಯಲ್ಲಿರುವ ಉತ್ತರದ ಪುಟ ತೆರೆಯಲಿ. ಉತ್ತರಗಳೆಲ್ಲ ‘ಅ’, ‘ಆ’, ‘ಇ’ ಎಂದೋ ಒಂದೊಂದೇ ಹೆಸರಾಗಿಯೋ ಇದ್ದರೆ ಪುಸ್ತಕ ಅಂಗಡಿಯಲ್ಲೇ ಇರಲಿ. ಚಿತ್ರದ ಯಾವ ಮೂಲೆ ನೋಡಬೇಕು, ಅದರಿಂದ ಏನು ತಿಳಿಯುತ್ತದೆ ಎಂದು ಎರಡು ಸಾಲು ಬರೆದಿದ್ದರೆ ಕೊಳ್ಳಬಹುದು.